ದೇವರ ಮುಂದಿಟ್ಟ ಕೇಸರಿ ಡಬ್ಬಿ

ತಮ್ಮನ ಹೆಂಡತಿಗೆ ಐದು ತಿಂಗಳಾಗಿದ್ದಾಗ ದೊಡ್ಡಮ್ಮ ಚಿತ್ರದುರ್ಗದಿಂದ ದಾವಣಗೆರೆಗೆ, ನಮ್ಮ ಮನೆಗೆ ಬಂದಿದ್ದರು. ಬಸುರಿ ನೋಡೋಕೆ ಬರಿಗೈಲಿ ಬರಬಾರದು ಅಂತ ಚೀಲ ತುಂಬ ಸಾಮಾನು ತಂದಿದ್ದರು. ಉಪ್ಪಿನಕಾಯಿ, ಶೇಂಗಾ ಹೋಳಿಗೆ, ಪುಟಾಣಿ ಚಟ್ನಿಪುಡಿ. ಎಲ್ಲಕ್ಕಿಂತ ಕೆಳಗೆ, ಕರವಸ್ತ್ರದಲ್ಲಿ ಸುತ್ತಿಟ್ಟ ಒಂದು ಪುಟ್ಟ ಡಬ್ಬಿ ಇತ್ತು. ಒಂದು ಗ್ರಾಂ ಕೇಸರಿ. ಅದನ್ನು ನೇರವಾಗಿ ಅವಳ ಕೈಗೆ ಕೊಡಲಿಲ್ಲ. ಕೈಕಾಲು ತೊಳೆದು ದೇವರ ಮನೆಗೆ ಹೋದರು. ನಮ್ಮಲ್ಲಿ ಅಜ್ಜನ ಕಾಲದ ಒಂದು ಅಮ್ಮನ ಮೂರ್ತಿ ಇದೆ. ಗೇಣುದ್ದದ್ದು, ಕಪ್ಪು ಕಲ್ಲಿನದು, ಎಣ್ಣೆ ಕುಡಿದು ಕುಡಿದು ಕಾಡಿಗೆ ಹಾಗೆ ಹೊಳೆಯುತ್ತದೆ. ಅದರ ಪಾದದ ಹತ್ತಿರ ಡಬ್ಬಿ ಇಟ್ಟು, ಕಣ್ಣು ಮುಚ್ಚಿ, ಏನೋ ಕೇಳಿಕೊಂಡು, ಕುಂಕುಮ ಹಚ್ಚಿ ತಂದು ಕೊಟ್ಟರು. "ರಾತ್ರಿ ಹಾಲಿಗೆ ಎರಡೆಳೆ ಹಾಕ್ಕೊಂಡು ಕುಡಿಯವ್ವಾ. ಅಮ್ಮನ ದಯದಿಂದ ಕೂಸು ಕೆಂಪಗೆ ಹುಟ್ಟುತ್ತೆ" ಅಂದರು.

ಅವಳು ತಗೊಂಡಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ, ಏನೂ ಹೇಳಲಿಲ್ಲ. ದೊಡ್ಡಮ್ಮ ಕೆಟ್ಟವರಲ್ಲ. ನಮ್ಮ ಮನೆಯಲ್ಲಿ ಯಾರಿಗೆ ಕಷ್ಟ ಬಂದರೂ ಮೊದಲು ಬಸ್ಸು ಹತ್ತುವವರು ಅವರೇ. ಆದರೆ ಆ ದೃಶ್ಯ ನನ್ನನ್ನು ಬಿಡಲಿಲ್ಲ. ಕಪ್ಪು ದೇವಿಯ ಹತ್ತಿರ ಹೋಗಿ, ಹುಟ್ಟುವ ಕೂಸಿಗೆ ನಿನ್ನ ಬಣ್ಣ ಬೇಡ ತಾಯಿ ಅಂತ ಬೇಡಿಕೊಂಡರಲ್ಲ. ಅದೂ ಪೂರ್ತಿ ಭಕ್ತಿಯಿಂದ. ಅವರಿಗೆ ಇದರಲ್ಲಿ ಎರಡು ಮಾತು ಅನ್ನಿಸಲೇ ಇಲ್ಲ.

ಈ ವಿಷಯ ಎತ್ತಿದಾಗೆಲ್ಲ ಯಾರಾದರೂ ಒಂದು ಮಾತು ಹೇಳಿಯೇ ಹೇಳುತ್ತಾರೆ. ನಮ್ಮ ಕೃಷ್ಣ ಕಪ್ಪು, ರಾಮ ಕಪ್ಪು, ದ್ರೌಪದಿ ಕಪ್ಪು, ಕಾಳಿ ಕಪ್ಪು, ಪುರಿಯ ಜಗನ್ನಾಥ ಕಪ್ಪು, ಪಂಢರಪುರದ ವಿಠಲ ಕಪ್ಪು, ಇನ್ನು ನಮ್ಮಲ್ಲಿ ಬಣ್ಣದ ಭೇದ ಎಲ್ಲಿಂದ ಬರಬೇಕು, ಇದೆಲ್ಲ ಬ್ರಿಟಿಷರು ಬಿಟ್ಟುಹೋದ ರೋಗ ಅಂತ. ನಾನೂ ಎಷ್ಟೋ ವರ್ಷ ಇದನ್ನೇ ಹೇಳಿಕೊಂಡು ಸಮಾಧಾನ ಮಾಡಿಕೊಂಡಿದ್ದೆ. ಈಗ ಹೇಳೋಕೆ ಬಾಯಿ ಬರುವುದಿಲ್ಲ. ಯಾಕೆ ಅಂತ ಬರೆಯೋಣ ಅನ್ನಿಸಿತು.

ಅಜ್ಜಿಯ ಅಂಗೈ

ನಾನು ಚಿಕ್ಕವಳಿದ್ದಾಗ ಬೆಳಿಗ್ಗೆ ಏಳುವ ಹೊತ್ತಿಗೆ ಅಜ್ಜಿ ಲಿಂಗಪೂಜೆಗೆ ಕೂತಿರುತ್ತಿದ್ದರು. ಕೊರಳಿನ ಕರಡಿಗೆ ಬಿಚ್ಚಿ, ಲಿಂಗ ತೆಗೆದು, ಎಡಗೈ ಮೇಲೆ ಇಟ್ಟುಕೊಳ್ಳುವುದು. ನೀರು, ವಿಭೂತಿ, ಒಂದು ಪತ್ರೆ. ಆಮೇಲೆ ಮುಖದ ಮುಂದೆ ಹಿಡಿದು ಎವೆಯಿಕ್ಕದೆ ನೋಡುವುದು. ದೀಪದ ಬೆಳಕು ಆ ಕಪ್ಪಿನ ಮೇಲೆ ಒಂದು ಚುಕ್ಕಿಯಾಗಿ ನಿಲ್ಲುತ್ತಿತ್ತು. ನಾನು ಪಕ್ಕದಲ್ಲಿ ಕೂತು ಆ ಚುಕ್ಕಿಯನ್ನೇ ನೋಡುತ್ತಿದ್ದೆ. ಲಿಂಗ ಅಷ್ಟು ಕಪ್ಪಗೆ, ಅಷ್ಟು ನುಣ್ಣಗೆ ಇದ್ದದ್ದಕ್ಕೇ ಆ ಚುಕ್ಕಿ ಕಾಣುತ್ತಿತ್ತು. ಬಿಳಿ ಕಲ್ಲಾಗಿದ್ದರೆ ಬೆಳಕು ಎಲ್ಲ ಕಡೆ ಹರಡಿಕೊಂಡು, ದೃಷ್ಟಿಗೆ ನಿಲ್ಲುವ ಜಾಗವೇ ಇರುತ್ತಿರಲಿಲ್ಲ.

ಇಷ್ಟಲಿಂಗ ಕಟ್ಟಿಕೊಂಡವರಿಗೆ ಗೊತ್ತು, ಆ ಕಪ್ಪು ಒಳಗಿನ ಕಲ್ಲಿನದಲ್ಲ. ಒಳಗೆ ಇರುವುದು ಬೂದು ಬಣ್ಣದ ಸಣ್ಣ ಕಲ್ಲು. ಅದರ ಮೇಲೆ ಭಸ್ಮಕ್ಕೆ ಎಣ್ಣೆ ಸೇರಿಸಿ ಅರೆದ ಕಪ್ಪು ಲೇಪ ಕೊಟ್ಟು ಆ ರೂಪ ತಂದಿರುತ್ತಾರೆ. ಎಷ್ಟೋ ವರ್ಷ ನೀರು ಬಿದ್ದರೂ ಕೈ ಸವೆದರೂ ಹೋಗದ ಹಾಗೆ ಗಟ್ಟಿಯಾಗಿ ಕೂತಿರುತ್ತದೆ. ಒಂದು ಸಲ ಅಜ್ಜಿಯ ಲಿಂಗದ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಲೇಪ ಎದ್ದು ಒಳಗಿನ ಬೂದು ಕಂಡಿತು. ಅಜ್ಜಿ ಗಾಬರಿಯಾದರು. "ಲಿಂಗ ಬಿಳಿಚಿಕೊಂಡದೆ ಕಣೇ" ಅಂತ ಅಮ್ಮನಿಗೆ ತೋರಿಸಿದರು. ಅವತ್ತು ತಿಂಡಿ ತಿನ್ನದೆ ಅಪ್ಪನನ್ನು ಕರಕೊಂಡು ಮಠಕ್ಕೆ ಹೋಗಿ, ಸ್ವಾಮಿಗಳ ಹತ್ತಿರ ಸರಿ ಮಾಡಿಸಿಕೊಂಡು ಬಂದ ಮೇಲೇ ಊಟ. ನನ್ನ ಇಡೀ ಬಾಲ್ಯದಲ್ಲಿ ಬಿಳಿ ಬಣ್ಣ ಒಂದು ಕೊರತೆ ಅನ್ನೋ ಹಾಗೆ ಯಾರಾದರೂ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅದೇ ಅಜ್ಜಿ ನನ್ನನ್ನು ಭಾನುವಾರ ಎಣ್ಣೆ ಹಚ್ಚಿ ಕೂರಿಸಿ, ಕಡ್ಲೆಹಿಟ್ಟು, ಅರಿಶಿನ, ಹಾಲಿನ ಕೆನೆ ಕಲಸಿ ಮೊಣಕೈ, ಕತ್ತಿನ ಹಿಂದೆ ತಿಕ್ಕುತ್ತಿದ್ದರು. ಚರ್ಮ ಉರಿಯುವಷ್ಟು. "ಸುಮ್ನಿರು, ಕಪ್ಪು ಹೋಗಲಿ" ಅನ್ನುತ್ತಿದ್ದರು. ನನ್ನ ಬಣ್ಣ ಅಜ್ಜಿಯದೇ ಬಣ್ಣ. ಅವರ ಕೈ ನನ್ನ ಕೈಮೇಲೆ ಇಟ್ಟಾಗ ಎಲ್ಲಿ ಅವರದು ಮುಗಿದು ಎಲ್ಲಿ ನನ್ನದು ಶುರು ಅಂತ ತಿಳಿಯುತ್ತಿರಲಿಲ್ಲ. ಬೆಳಿಗ್ಗೆ ಲಿಂಗದ ಮೇಲಿನ ಕಪ್ಪು ಒಂದು ಅಕ್ಕಿಕಾಳಿನಷ್ಟು ಹೋದರೆ ಊಟ ಬಿಡುವ ಕೈ, ಮಧ್ಯಾಹ್ನ ನನ್ನ ಕಪ್ಪನ್ನು ತೆಗೆಯೋಕೆ ಅಷ್ಟು ಕಷ್ಟಪಡುತ್ತಿತ್ತು. ಎರಡೂ ಪ್ರೀತಿಯೇ. ನನಗೆ ಅದರಲ್ಲಿ ಈಗಲೂ ಅನುಮಾನ ಇಲ್ಲ.

ಕಪ್ಪಾದ್ರೂ

ನನಗೆ ಇಪ್ಪತ್ತಮೂರು ವರ್ಷವಾಗಿದ್ದಾಗ ಮೊದಲ ಸಲ ಹೆಣ್ಣು ನೋಡೋಕೆ ಬಂದರು. ಸಂಜೆ ಐದಕ್ಕೆ ಬರುತ್ತೇವೆ ಅಂದವರಿಗೆ ಅಮ್ಮ ಏಳಕ್ಕೆ ಬನ್ನಿ ಅಂತ ಹೇಳಿಸಿದರು. ಬಿಸಿಲಿನ ಬೆಳಕಿಗಿಂತ ಟ್ಯೂಬ್‌ಲೈಟ್ ಬೆಳಕು ವಾಸಿ ಅನ್ನೋ ಲೆಕ್ಕ. ಹಸಿರು ಸೀರೆ ಬೇಡ, ಇನ್ನೂ ಕಪ್ಪಗೆ ಕಾಣ್ತೀಯ, ಬಿಳಿಯಂತೂ ಬೇಡವೇ ಬೇಡ ಅಂತ ಒಂದು ತಿಳಿ ಗುಲಾಬಿ ಸೀರೆ ಪಕ್ಕದ ಮನೆಯಿಂದ ಬಂತು. ಮುಖಕ್ಕೆ ಪೌಡರ್ ಹಚ್ಚಿದ ಅತ್ತೆ ಕತ್ತಿಗೂ ಹಚ್ಚಿದರು, ಕಿವಿಗೂ ಹಚ್ಚಿದರು. ಎರಡು ಬಣ್ಣ ಕಾಣಬಾರದಲ್ಲ.

ಬಂದವರು ದಾರಿಯಲ್ಲಿ ಹರಿಹರದಲ್ಲಿ ಇಳಿದು, ಹರಿಹರೇಶ್ವರನ ದರ್ಶನ ಮಾಡಿಕೊಂಡು ಬಂದಿದ್ದರು. ಒಳ್ಳೆ ಕೆಲಸಕ್ಕೆ ಹೊರಟಾಗ ದೇವರು ಮೊದಲು ಅಂತ ಹುಡುಗನ ತಾಯಿ ಹೇಳಿದರು. ನನ್ನನ್ನು ಹತ್ತಿರ ಕರೆದು ಪ್ರಸಾದದ ಹೂವು ಮುಡಿಸಿದರು. ಮೆತ್ತನೆಯ ಕೈ. ನನಗೆ ಆ ಹೆಂಗಸು ಇಷ್ಟವಾದರು. ಅವಲಕ್ಕಿ, ಚಹಾ ಆದ ಮೇಲೆ ನಾನು ಒಳಗೆ ಹೋದೆ. ಅಡುಗೆಮನೆಗೆ ಹಜಾರದ ಮಾತು ಚೆನ್ನಾಗಿ ಕೇಳುತ್ತದೆ. "ಹುಡುಗಿ ಕಪ್ಪಾದ್ರೂ ಲಕ್ಷಣವಾಗಿದಾಳೆ ಬಿಡ್ರಿ" ಅಂದರು ಅವರು. ಅಮ್ಮ ಸೌಟು ಹಿಡಿದು ಹಾಗೇ ನಿಂತರು. ಅದು ಹೊಗಳಿಕೆ ಅಂತಲೇ ಅವರು ಹೇಳಿದ್ದು. ಆದರೆ ಆ "ಆದ್ರೂ" ಇದೆಯಲ್ಲ, ಅದು ಇವತ್ತಿನವರೆಗೂ ನನ್ನ ಕಿವಿಯಲ್ಲಿ ಇದೆ. ಸಂಬಂಧ ಕೂಡಲಿಲ್ಲ. ಕಾರಣ ಹೇಳಿ ಕಳಿಸಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ.

ನಮ್ಮ ಮಾತಿನಲ್ಲಿ ಕಪ್ಪಿಗೆ ಎಷ್ಟೊಂದು ಹೆಸರಿವೆ ನೋಡಿ. ಎಣ್ಣೆಗಪ್ಪು, ಸಾದುಗಪ್ಪು, ಕಡುಗಪ್ಪು, ಕೃಷ್ಣವರ್ಣ. ಸಾದು ಅಂದರೆ ಹಿಂದೆ ಹೆಂಗಸರು ಹಣೆಗೆ ಇಟ್ಟುಕೊಳ್ಳುತ್ತಿದ್ದ ಕಪ್ಪು ಬೊಟ್ಟು. ಆ ಹೆಸರು ಇಟ್ಟವರಿಗೆ ಕಪ್ಪಿನ ಮೇಲೆ ಕಣ್ಣಿತ್ತು, ಪ್ರೀತಿಯೂ ಇತ್ತು. ಆದರೆ ಈ ಪದಗಳನ್ನೆಲ್ಲ ಹೆಣ್ಣು ಗಂಡಿನ ಮಾತುಕತೆಯಲ್ಲಿ ಬಳಸುವಾಗ ಹಿಂದೆ ಒಂದು "ಆದ್ರೂ" ಅಂಟಿಕೊಂಡೇ ಬರುತ್ತದೆ. ದೇವರಿಗೆ ಮಾತ್ರ ಅದು ಅಂಟುವುದಿಲ್ಲ. ಕೃಷ್ಣ ಕಪ್ಪಾದ್ರೂ ಚೆಲುವ ಅಂತ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಕೃಷ್ಣ ಚೆಲುವ, ಅಷ್ಟೇ.

ಅದಾಗಿ ಎರಡು ಮೂರು ವರ್ಷದ ಮೇಲೆ ಒಬ್ಬಳೇ ಹರಿಹರಕ್ಕೆ ಹೋದೆ. ದಾವಣಗೆರೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ, ಆದರೂ ಅದುವರೆಗೆ ಸರಿಯಾಗಿ ನೋಡಿರಲಿಲ್ಲ. ಹೊಯ್ಸಳರ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿ. ಒಳಗೆ ಮೂರ್ತಿಯ ಬಲ ಅರ್ಧ ಶಿವ, ಎಡ ಅರ್ಧ ವಿಷ್ಣು. ಈ ಕಡೆ ಜಟೆ, ಆ ಕಡೆ ಕಿರೀಟ. ಹೊರಗೆ ಅಂಗಡಿಯಲ್ಲಿ ಅದೇ ದೇವರ ಫೋಟೋ ತಗೊಂಡೆ. ಫೋಟೋದಲ್ಲಿ ನೆತ್ತಿಯಿಂದ ಪಾದದವರೆಗೆ ಗೆರೆ ಎಳೆದ ಹಾಗೆ ಒಂದು ಕಡೆ ಬಿಳಿ, ಒಂದು ಕಡೆ ನೀಲಿ. ಅದು ತಪ್ಪೇನಲ್ಲ. ಶಿವನನ್ನು ಕರ್ಪೂರದ ಹಾಗೆ ಬಿಳಿ ಅಂತಲೂ ವಿಷ್ಣುವನ್ನು ಮೋಡದ ಬಣ್ಣದವನು ಅಂತಲೂ ಶ್ಲೋಕಗಳೇ ಹೇಳುತ್ತವೆ. ಆದರೆ ಗರ್ಭಗುಡಿಯಲ್ಲಿ ಇದ್ದದ್ದು ಒಂದೇ ಕಪ್ಪು ಕಲ್ಲು. ಕಲ್ಲುಕುಟಿಗ ಜಟೆ, ಕಿರೀಟ, ತ್ರಿಶೂಲ, ಚಕ್ರ ಎಲ್ಲ ಬೇರೆ ಬೇರೆ ಕೆತ್ತಿದ. ಮೈಬಣ್ಣದಲ್ಲಿ ಮಾತ್ರ ಇಬ್ಬರಿಗೂ ವ್ಯತ್ಯಾಸ ಇಲ್ಲ. ನಾನು ಸಾಲಿನಲ್ಲಿ ನಿಂತಾಗ ಪೂಜಾರರು ಆರತಿ ಎತ್ತಿದರು. ಎರಡೂ ಕೆನ್ನೆ ಒಂದೇ ಸಮ ಹೊಳೆದವು.

ಆಗ ನನಗೆ ಒಂದು ವಿಷಯ ಹೊಳೆಯಿತು. ನಾವು ಗುಡಿಯಲ್ಲಿ ಕಪ್ಪು ನೋಡುತ್ತೇವೆ, ಆದರೆ ಅದನ್ನು ಮೈಬಣ್ಣ ಅಂತ ನೋಡುವುದೇ ಇಲ್ಲ. ಕಲ್ಲು ಅಂತ ನೋಡುತ್ತೇವೆ. ಕಲ್ಲಿನಲ್ಲಿ ಕಪ್ಪು ಒಂದು ಗುಣ. ಮೂರ್ತಿ ಕೆತ್ತುವವರನ್ನು ಕೇಳಿದರೆ ಗೊತ್ತಾಗುತ್ತದೆ. ಬೈಪಾಸ್ ರಸ್ತೆ ಹತ್ತಿರದ ಒಂದು ಶೆಡ್ಡಿನಲ್ಲಿ ಕೆಲಸ ಮಾಡುವ ಹಿರಿಯರೊಬ್ಬರು ನನಗೆ ತೋರಿಸಿದರು. ಕೃಷ್ಣಶಿಲೆಗೆ ಉಳಿ ಏಟು ಬಿದ್ದ ಕಡೆಯೆಲ್ಲ ಬೂದಿ ಬಳಿದ ಹಾಗೆ ಬಿಳಿಚಿಕೊಳ್ಳುತ್ತದೆ. ಅರ್ಧ ಕೆತ್ತಿದ ಮೂರ್ತಿ ಕಪ್ಪಗೆ ಇರುವುದೇ ಇಲ್ಲ. ಆಮೇಲೆ ನೀರು ಬಿಟ್ಟುಕೊಂಡು ಮೊದಲು ಒರಟು ಕಾಗದ, ನಂತರ ನಯದ್ದು, ಇನ್ನೂ ನಯದ್ದು ಹೀಗೆ ಉಜ್ಜುತ್ತಾ ಹೋಗಬೇಕು. ಮೂಗಿನ ಪಕ್ಕ, ಬೆರಳಿನ ಸಂದು ಎಲ್ಲ ಕೈಯಲ್ಲೇ. ಎಲ್ಲಿ ಬೂದು ಉಳಿದಿದೆಯೋ ಅಲ್ಲಿ ಕೆಲಸ ಬಾಕಿ ಇದೆ ಅಂತ ಅರ್ಥ. ಕೊನೆಗೆ ಎಣ್ಣೆ ಹಚ್ಚುತ್ತಾರೆ. ಅವರು ಒಂದು ಬಸವಣ್ಣನ ಬೆನ್ನಿನ ಮೇಲೆ ಎಣ್ಣೆ ಬಟ್ಟೆ ಎಳೆದರು. ಬಟ್ಟೆ ಹೋದ ದಾರಿಯಲ್ಲಿ ಕಪ್ಪು ಎದ್ದು ಬಂತು. "ಈಗ ಜೀವ ಬಂತು ನೋಡಮ್ಮಾ" ಅಂದರು.

ಅಜ್ಜಿ ನನ್ನ ಮೊಣಕೈ ತಿಕ್ಕುತ್ತಿದ್ದದ್ದು ನೆನಪಾಯಿತು. ತಿಕ್ಕುವುದೂ ಒಂದೇ, ಎಣ್ಣೆಯೂ ಒಂದೇ. ಕಲ್ಲಿನಲ್ಲಿ ಕಪ್ಪು ಬರಲಿ ಅಂತ, ಮಗಳಲ್ಲಿ ಕಪ್ಪು ಹೋಗಲಿ ಅಂತ.

ಗೌರಿ ಆಗೋ ಮುಂಚೆ

ಬ್ರಿಟಿಷರ ಮಾತಿಗೆ ಬರುತ್ತೇನೆ. ಭಾದ್ರಪದದಲ್ಲಿ ಗಣೇಶನಿಗಿಂತ ಒಂದು ದಿನ ಮುಂಚೆ ನಾವೆಲ್ಲ ಸ್ವರ್ಣಗೌರಿ ಕೂರಿಸುತ್ತೇವೆ. ಮದುವೆ ಮನೆಯಲ್ಲಿ ಹುಡುಗಿಯ ಕೈಯಲ್ಲಿ ಗೌರಿ ಪೂಜೆ ಮಾಡಿಸುತ್ತೇವೆ. ಗೌರಿ ಅಂದರೆ ಬೆಳ್ಳಗಿರುವವಳು ಅಂತಲೇ ಅರ್ಥ. ಆದರೆ ಅವಳು ಹುಟ್ಟಿದ್ದು ಹಾಗಲ್ಲ. ಮತ್ಸ್ಯಪುರಾಣದಲ್ಲಿ ಆ ಕಥೆ ಇದೆ. ಪಾರ್ವತಿ ಕಪ್ಪಗಿದ್ದಳು. ಒಂದು ದಿನ ಶಿವ ಸಲಿಗೆಯಲ್ಲಿ, ನನ್ನ ಬಿಳಿ ಮೈಗೆ ನೀನು ಒರಗಿದರೆ ಗಂಧದ ಮರಕ್ಕೆ ಕರಿಹಾವು ಸುತ್ತಿದ ಹಾಗೆ ಕಾಣುತ್ತೀಯ ಅಂದ. ಅವಳಿಗೆ ತಡೆಯಲಾಗಲಿಲ್ಲ. ಮನೆ ಬಿಟ್ಟು ತಪಸ್ಸಿಗೆ ಹೋದಳು. ಬ್ರಹ್ಮ ಬಂದು ಏನು ಬೇಕು ಅಂದಾಗ ಚಿನ್ನದಂಥ ಬಣ್ಣ ಬೇಕು ಅಂತ ಕೇಳಿದಳು. ಕಪ್ಪು ಚರ್ಮ ಕಳಚಿತು, ಅದೇ ಇನ್ನೊಬ್ಬ ದೇವಿಯಾಯಿತು. ಆ ದೇವಿಯನ್ನು ವಿಂಧ್ಯಕ್ಕೆ ಕಳಿಸಿದರು. ಬೆಳ್ಳಗಾದವಳು ಗಂಡನ ಮನೆಗೆ ವಾಪಸು ಬಂದಳು.

ಈ ಪುರಾಣ ಬ್ರಿಟಿಷರಿಗಿಂತ ಎಷ್ಟೋ ನೂರು ವರ್ಷ ಹಳೆಯದು. ಗಂಡ ಬಣ್ಣದ ಬಗ್ಗೆ ಆಡಿದ ಒಂದು ಮಾತು, ಹೆಂಡತಿಗೆ ಅದರಿಂದ ಆದ ನೋವು, ಚರ್ಮ ಬದಲಾಯಿಸಿಕೊಳ್ಳಬೇಕು ಅನ್ನೋ ಹಟ ಎಲ್ಲ ಇದರಲ್ಲಿದೆ. ಫೇರ್ ಅಂಡ್ ಲವ್ಲಿ ನಮ್ಮ ದೇಶದಲ್ಲಿ ಅಂಗಡಿಗೆ ಬಂದದ್ದು 1975ರಲ್ಲಿ. ಹೆಸರಿನಿಂದ "ಫೇರ್" ತೆಗೆದದ್ದು 2020ರಲ್ಲಿ. ಆ ಟ್ಯೂಬು ಏನನ್ನೂ ಹೊಸದಾಗಿ ಹುಟ್ಟಿಸಲಿಲ್ಲ, ಇದ್ದ ಆಸೆಗೆ ಒಂದು ಬೆಲೆ ಕಟ್ಟಿ ಮಾರಿತು. ಪರದೇಶದವರ ಆಳ್ವಿಕೆ ಈ ಆಸೆಯನ್ನು ಗಟ್ಟಿ ಮಾಡಿರಬಹುದು, ಆದರೆ ಬೇರು ನಮ್ಮ ಹಿತ್ತಲಲ್ಲೇ ಇದೆ. ಕಪ್ಪು ದೇವರನ್ನು ಪೂಜಿಸುತ್ತೇವೆ ಅನ್ನೋದನ್ನೇ ಸಾಕ್ಷಿ ಮಾಡಿಕೊಂಡು ನಾವು ಇದರಿಂದ ಜಾರಿಕೊಳ್ಳೋಕೆ ಆಗುವುದಿಲ್ಲ.

ಆದರೆ ಇದೇ ಕಥೆಗೆ ಇನ್ನೊಂದು ಪಾಠ ಇದೆ, ನನಗೆ ತುಂಬ ತಡವಾಗಿ ಗೊತ್ತಾಯಿತು. ನವರಾತ್ರಿಯಲ್ಲಿ ಪಾರಾಯಣ ಮಾಡುವ ದೇವೀ ಮಾಹಾತ್ಮ್ಯೆಯ ಐದನೇ ಅಧ್ಯಾಯ. ಅಲ್ಲಿ ಯಾರೂ ಯಾರನ್ನೂ ಹೀಯಾಳಿಸುವುದಿಲ್ಲ. ಪಾರ್ವತಿ ಗಂಗೆಗೆ ಸ್ನಾನಕ್ಕೆ ಬರುತ್ತಾಳೆ. ದೇವತೆಗಳು ಸಂಕಟದಲ್ಲಿ ಸ್ತುತಿ ಮಾಡುತ್ತಿರುತ್ತಾರೆ. ಆಗ ಅವಳ ಮೈಯ ಕೋಶದಿಂದ ಹೊಳೆಯುವ ಒಬ್ಬ ದೇವಿ ಹೊರಗೆ ಬರುತ್ತಾಳೆ, ಅದಕ್ಕೇ ಅವಳು ಕೌಶಿಕಿ. ಅವಳು ಹೊರಗೆ ಬಂದ ಮೇಲೆ ಉಳಿದ ಪಾರ್ವತಿ ಕಪ್ಪಾಗುತ್ತಾಳೆ. ಕಾಳಿಕಾ ಅನ್ನೋ ಹೆಸರಿನಿಂದ ಹಿಮಾಲಯದಲ್ಲೇ ಇರುತ್ತಾಳೆ. ಅಲ್ಲಿ ಕಪ್ಪು ಕಳಚಿ ದೂರ ಕಳಿಸಿದ ಚರ್ಮವಾದರೆ ಇಲ್ಲಿ ಮನೆಯಲ್ಲಿ ಉಳಿದ ಪಾರ್ವತಿಯೇ ಕಪ್ಪು. ಹೊರಗೆ ಹೋದದ್ದು ಹೊಳಪು.

ನನಗೆ ಎರಡನೆಯದೇ ಇಷ್ಟ ಅಂತ ಹೇಳಬೇಕಾಗಿಲ್ಲ. ಆದರೆ ಹಬ್ಬ ನಡೆಯುವುದು ಮೊದಲನೆಯ ಹೆಸರಿನಲ್ಲಿ. ಬಾಗಿನದ ಮೊರದಲ್ಲಿ ಕಪ್ಪು ಬಳೆಯನ್ನೂ ಕರಿಮಣಿಯನ್ನೂ ಇಟ್ಟು ಮುತ್ತೈದೆಗೆ ಕೊಡುತ್ತೇವೆ. ಅದು ದೃಷ್ಟಿಗೆ, ಸೌಭಾಗ್ಯಕ್ಕೆ ಒಳ್ಳೆಯದು. ಮೈಮೇಲೆ ಹಾಕಿಕೊಳ್ಳುವ ಕಪ್ಪು ಕಾಯುತ್ತದೆ, ಮೈಯೇ ಕಪ್ಪಗಿದ್ದರೆ ಆಗುವುದಿಲ್ಲ. ನಮ್ಮ ಕಡೆ ಹೊಲ ನೋಡುವಾಗಲೂ ಹಾಗೆಯೇ ಅಲ್ವಾ. ಎರೆ ಭೂಮಿ ಎಷ್ಟು ಕಪ್ಪಗಿದ್ದರೆ ಅಷ್ಟು ಒಳ್ಳೆಯದು. ಆಷಾಢದಲ್ಲಿ ಜೋಗಿಮಟ್ಟಿ ಕಡೆಯಿಂದ ಮೋಡ ಕಪ್ಪಗೆ ಕಟ್ಟಿಕೊಂಡು ಬಂದರೆ ಊರೇ ಹೊರಗೆ ಬಂದು ಕೈಮುಗಿಯುತ್ತದೆ. ವಿಷ್ಣುವಿನ ಬಣ್ಣ ಅಂತ ಶ್ಲೋಕ ಹೇಳುವುದು ಆ ಮೋಡದ ಬಣ್ಣವನ್ನೇ. ಕ್ಯಾಲೆಂಡರಿನವರು ಅದನ್ನು ತಿಳಿ ನೀಲಿ ಮಾಡಿದರು. ನೀಲಿ ಮನುಷ್ಯ ಎಲ್ಲೂ ಇಲ್ಲ. ಹಾಗಾಗಿ ಆ ಫೋಟೋ ನೋಡಿ ಇವನು ನನ್ನ ಬಣ್ಣದವನು ಅಂತ ಯಾವ ಹುಡುಗಿಗೂ ಅನ್ನಿಸುವುದಿಲ್ಲ. ನನಗಂತೂ ಅನ್ನಿಸಿರಲಿಲ್ಲ.

2024ರ ಜನವರಿಯಲ್ಲಿ ಅಯೋಧ್ಯೆಯಲ್ಲಿ ಬಾಲರಾಮನ ಪ್ರತಿಷ್ಠೆ ಆಯಿತಲ್ಲ, ಅದಕ್ಕೆ ಮೂರು ಮೂರ್ತಿ ಕೆತ್ತಿಸಿದ್ದರು. ಎರಡು ಕಪ್ಪು ಕಲ್ಲಿನವು, ಒಂದು ಬಿಳಿ ಅಮೃತಶಿಲೆಯದು. ಗರ್ಭಗುಡಿಗೆ ಆಯ್ಕೆಯಾದದ್ದು ಮೈಸೂರಿನ ಅರುಣ್ ಯೋಗಿರಾಜ್ ಕೆತ್ತಿದ ಕಪ್ಪು ಮೂರ್ತಿ. ಐವತ್ತೊಂದು ಇಂಚಿನದು. ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಅವತ್ತೆಲ್ಲ ಅದೇ ಫೋಟೋ. ನಮ್ಮ ಕಡೆ ಕಲ್ಲು, ನಮ್ಮ ಕಡೆ ಕೈ, ಎಂಥಾ ಕಳೆ, ಆ ಕಣ್ಣು ನೋಡಿ ಅಂತ. ನನಗೂ ಕಣ್ಣು ತುಂಬಿತ್ತು. ಅದೇ ವಾರ ಅದೇ ಗುಂಪಿನಲ್ಲಿ ಒಬ್ಬ ಹುಡುಗನ ಬಯೋಡೇಟಾ ಬಂತು. ಎಂ.ಟೆಕ್, ಸ್ವಂತ ಮನೆ, ಗೌರವರ್ಣದ ಹುಡುಗಿ ಬೇಕು. ಕಳಿಸಿದವರು ಫೋಟೋ ಕಳಿಸಿದವರೇ. ಇಬ್ಬರು ಬೇರೆ ಬೇರೆ ಮನುಷ್ಯರಾಗಿದ್ದರೆ ನನಗೆ ಇಷ್ಟು ಯೋಚನೆ ಬರುತ್ತಿರಲಿಲ್ಲ.

ಕಿವಿಯ ಅಂಚು

ಅಜ್ಜಿ ಹೋದಾಗ ಅವರ ಲಿಂಗವನ್ನು ಎಡಗೈಯಲ್ಲಿ ಇಟ್ಟೇ ಮಣ್ಣು ಮಾಡಿದರು, ನಮ್ಮ ಪದ್ಧತಿ ಹಾಗೆ. ನಾನು ಕೊನೆಯ ಸಲ ನೋಡಿದಾಗ ಆ ಅಂಗೈ, ಅದರ ಮೇಲಿನ ಕಪ್ಪು ಎರಡೂ ಒಟ್ಟಿಗೆ ಇದ್ದವು. ಬೆರಳು ಮಡಿಸಿದ್ದು ಅಪ್ಪ.

ಕೇಸರಿ ಡಬ್ಬಿಯ ಕಥೆ ಮುಗಿಸಬೇಕು. ತಮ್ಮನ ಹೆಂಡತಿ ಎರಡು ವಾರ ಹಾಲಿಗೆ ಹಾಕಿಕೊಂಡು ಕುಡಿದಳು. ಆಮೇಲೆ ಚೆಕಪ್‌ಗೆ ಹೋದಾಗ ಡಾಕ್ಟರನ್ನು ಕೇಳಿದಳಂತೆ. ಅವರು ನಿಧಾನವಾಗಿ ಹೇಳಿದರಂತೆ. ಕೇಸರಿಯ ಬಣ್ಣ ಹೊಟ್ಟೆಯಲ್ಲೇ ಕರಗಿಹೋಗುತ್ತೆ, ಕೂಸಿನ ಚರ್ಮಕ್ಕೆ ಹೋಗಿ ಕೂರುವುದಿಲ್ಲ. ಚರ್ಮದಲ್ಲಿ ಬಣ್ಣ ತಯಾರಿಸುವ ಕೋಶಗಳು ಕಪ್ಪಗಿದ್ದವರಲ್ಲೂ ಬೆಳ್ಳಗಿದ್ದವರಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತವೆ. ಅವು ಎಷ್ಟು ಬಣ್ಣ ಮಾಡುತ್ತವೆ, ಎಂಥ ಬಣ್ಣ ಮಾಡುತ್ತವೆ ಅನ್ನೋದು ಅಪ್ಪ ಅಮ್ಮನಿಂದ ಬರುವ ವಂಶಗುಣ. ಹುಟ್ಟಿದಾಗ ಎಲ್ಲ ಕೂಸೂ ಸ್ವಲ್ಪ ತಿಳಿಯಾಗಿ, ಕೆಂಪಗೆ ಕಾಣುತ್ತವೆ. ನಿಜವಾದ ಬಣ್ಣ ಕೂರೋಕೆ ತಿಂಗಳುಗಳೇ ಬೇಕು. ಹಾಗಾಗಿ ಹೆರಿಗೆ ವಾರ್ಡಿನಲ್ಲಿ ಯಾರು ಏನು ಹೇಳಿದರೂ ಲೆಕ್ಕಕ್ಕೆ ತಗೋಬೇಡಮ್ಮ ಅಂದರಂತೆ. ಉಳಿದ ಕೇಸರಿಯನ್ನು ಅವಳು ಹಬ್ಬದ ದಿನ ಕೇಸರಿಬಾತಿಗೆ ಹಾಕಿದಳು. ದೊಡ್ಡಮ್ಮನೂ ಅವತ್ತು ಇದ್ದರು, ಎರಡು ಸಲ ಹಾಕಿಸಿಕೊಂಡು ತಿಂದರು.

ಹೆಣ್ಣು ಕೂಸು ಹುಟ್ಟಿತು. ಮೂರನೇ ದಿನ ದೊಡ್ಡಮ್ಮ ಮತ್ತೆ ಚಿತ್ರದುರ್ಗದಿಂದ ಬಂದರು. ಕೂಸನ್ನು ತೊಡೆ ಮೇಲೆ ಮಲಗಿಸಿಕೊಂಡು ಮುಖ ನೋಡಿದರು, ಖುಷಿಪಟ್ಟರು, ಅಜ್ಜಿಯದೇ ಮೂಗು ಅಂದರು. ನಮ್ಮ ಕಡೆಯ ಹಿರಿಯರು ಕೂಸಿನ ಮುಖದ ಬಣ್ಣ ನಂಬುವುದಿಲ್ಲ. ಕಿವಿಯ ಮೇಲಿನ ಅಂಚು ನೋಡುತ್ತಾರೆ, ಉಗುರಿನ ಬುಡ ನೋಡುತ್ತಾರೆ. ಮುಂದೆ ಬರುವ ಬಣ್ಣ ಅಲ್ಲಿ ಮೊದಲೇ ಕಾಣುತ್ತೆ ಅಂತ. ದೊಡ್ಡಮ್ಮನ ಬೆರಳು ಮೆಲ್ಲಗೆ ಕೂಸಿನ ಕಿವಿಯ ಹತ್ತಿರ ಹೋಯಿತು, ಕುಲಾವಿಯ ಅಂಚನ್ನು ಮೇಲೆ ಸರಿಸೋಕೆ.

ತಮ್ಮನ ಹೆಂಡತಿ ಮಂಚದ ಮೇಲಿಂದ ಕೈ ಚಾಚಿದಳು. "ಚಳಿ ಆಗುತ್ತೆ ದೊಡ್ಡಮ್ಮಾ" ಅಂತ ಹೇಳಿ ಕುಲಾವಿಯನ್ನು ಎರಡೂ ಕಿವಿ ಮುಚ್ಚೋ ಹಾಗೆ ಕೆಳಗೆ ಎಳೆದು, ಗಲ್ಲದ ಕೆಳಗೆ ದಾರ ಕಟ್ಟಿದಳು.